ಪರೀಕ್ಷೆಯ ವಾರಕ್ಕೆ ಲ್ಯಾಬ್ ದುರಸ್ತಿ ಬೇಡ: ಶಿಕ್ಷಕರು ಪ್ರಾಂಶುಪಾಲರಿಗೆ ಬರೆಯುವ ಒಂದು ಪತ್ರ

ಕಂಪ್ಯೂಟರ್ ಲ್ಯಾಬ್‌ನ ನವೀಕರಣವನ್ನು ಪರೀಕ್ಷೆಯ ವಾರಗಳಿಂದ ಆಚೆಗೆ ಇಟ್ಟುಕೊಳ್ಳಿ ಎಂದು ಶಿಕ್ಷಕರು ಪ್ರಾಂಶುಪಾಲರಿಗೆ ಬರೆಯುವ ಪತ್ರ ಒಂದು ಪುಟಕ್ಕಿಂತ ದೊಡ್ಡದಾಗಬೇಕಿಲ್ಲ. ಆದರೆ ಆ ಒಂದು ಪುಟದಲ್ಲಿ ಮೂರು ಸಂಗತಿಗಳು ಸ್ಪಷ್ಟವಾಗಿರಬೇಕು: ಯಾವ ದಿನಗಳಲ್ಲಿ ಲ್ಯಾಬ್ ಪರೀಕ್ಷೆಗೆ ಬೇಕು, ನವೀಕರಣದ ಕೆಲಸ ನಿಜವಾಗಿ ಎಷ್ಟು ದಿನ ಹಿಡಿಯುತ್ತದೆ, ಅದನ್ನು ಬೇರೆ ಯಾವಾಗ ಮಾಡಬಹುದು. ಈ ಮೂರರಲ್ಲಿ ಎರಡನೆಯದನ್ನು ಹೆಚ್ಚಿನವರು ತಪ್ಪಾಗಿ ಅಂದಾಜು ಮಾಡುತ್ತಾರೆ. ತಂತ್ರಜ್ಞರು ಬಂದು ಹೋದ ದಿನಕ್ಕೆ ಕೆಲಸ ಮುಗಿಯಿತು ಎಂಬ ಭಾವನೆ ಸಾಮಾನ್ಯವಾಗಿದೆ. ಲ್ಯಾಬ್ ಪಾಠ ಮಾಡುವವರ ಪಾಲಿನ ಕೆಲಸ ಆರಂಭವಾಗುವುದೇ ಆ ದಿನದಿಂದ. ಈ ವ್ಯತ್ಯಾಸವನ್ನು ಪ್ರಾಂಶುಪಾಲರಿಗೆ ಮನವರಿಕೆ ಮಾಡಿಕೊಡುವುದೇ ಪತ್ರದ ಮುಖ್ಯ ಉದ್ದೇಶ.

ನವೀಕರಣ ಈಗ ಏಕೆ ಬಂದಿದೆ

ಹಲವು ಶಾಲೆಗಳಲ್ಲಿ ಈ ಪ್ರಶ್ನೆ ಎದ್ದಿರುವುದಕ್ಕೆ ಒಂದು ನಿರ್ದಿಷ್ಟ ಕಾರಣವಿದೆ. ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ನೀಡುತ್ತಿದ್ದ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಆ ದಿನದ ನಂತರವೂ ವಿಂಡೋಸ್ 10 ಇರುವ ಕಂಪ್ಯೂಟರ್‌ಗಳು ಎಂದಿನಂತೆ ಕೆಲಸ ಮಾಡುತ್ತವೆ. ಆದರೆ ಉಚಿತವಾಗಿ ಬರುತ್ತಿದ್ದ ಭದ್ರತಾ ಅಪ್‌ಡೇಟ್‌ಗಳು ನಿಂತುಹೋದವು. ಇಂಟರ್‌ನೆಟ್‌ಗೆ ಜೋಡಿಸಿರುವ ಲ್ಯಾಬ್‌ನಲ್ಲಿ ಇದನ್ನು ಬಹಳ ಕಾಲ ಕಡೆಗಣಿಸುವಂತಿಲ್ಲ, ಆದ್ದರಿಂದ ಆಡಳಿತ ಮಂಡಳಿಗಳು ವಿಂಡೋಸ್ 11ಕ್ಕೆ ಹೋಗಲು ನಿರ್ಧರಿಸುತ್ತಿವೆ.

ವಿಂಡೋಸ್ 11 ಎಲ್ಲ ಹಳೆಯ ಯಂತ್ರಗಳಲ್ಲೂ ಕೂರುವುದಿಲ್ಲ. ಕನಿಷ್ಠ 4 ಜಿಬಿ ಮೆಮೊರಿ, 64 ಜಿಬಿ ಜಾಗ ಇರಬೇಕೆಂಬುದು ದೊಡ್ಡ ಅಡ್ಡಿಯಲ್ಲ. ತೊಡಕು ಇರುವುದು ಟಿಪಿಎಂ 2.0 ಎಂಬ ಭದ್ರತಾ ಅಂಗ ಮತ್ತು ಪ್ರೊಸೆಸರ್‌ನ ವಿಷಯದಲ್ಲಿ. ಇಂಟೆಲ್ ಪ್ರೊಸೆಸರ್ ಆಗಿದ್ದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರಿನದು ಅಥವಾ ಅದಕ್ಕಿಂತ ಹೊಸದಾಗಿರಬೇಕು. ಆದ್ದರಿಂದ ಒಂದೇ ಲ್ಯಾಬ್‌ನಲ್ಲಿ ಕೆಲವು ಯಂತ್ರಗಳಿಗೆ ತಂತ್ರಾಂಶ ಬದಲಿಸಿದರೆ ಸಾಕಾಗುತ್ತದೆ, ಕೆಲವನ್ನು ಪೂರ್ತಿ ಬದಲಿಸಬೇಕಾಗುತ್ತದೆ. ಯಾವ ಯಂತ್ರ ಯಾವ ಗುಂಪಿಗೆ ಸೇರುತ್ತದೆ ಎಂಬ ಪಟ್ಟಿ ಪತ್ರ ಬರೆಯುವ ಮೊದಲೇ ಶಿಕ್ಷಕರ ಕೈಯಲ್ಲಿರಬೇಕು. ಯಂತ್ರದಲ್ಲಿ `tpm.msc` ಎಂದು ಟೈಪ್ ಮಾಡಿದರೆ ಟಿಪಿಎಂ ಇದೆಯೇ, ಯಾವ ಆವೃತ್ತಿಯದು ಎಂಬುದು ತೆರೆಯ ಮೇಲೆ ಕಾಣುತ್ತದೆ. ಪ್ರೊಸೆಸರ್‌ನ ಹೆಸರು ಸೆಟ್ಟಿಂಗ್ಸ್‌ನಲ್ಲಿ ಸಿಗುತ್ತದೆ.

ನವೀಕರಣ ಜನವರಿಯಿಂದ ಮಾರ್ಚ್‌ವರೆಗಿನ ತಿಂಗಳುಗಳಿಗೇ ಬಂದು ಬೀಳುವುದಕ್ಕೂ ಕಾರಣವಿದೆ. ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಆ ವರ್ಷಕ್ಕೆಂದು ತೆಗೆದಿಟ್ಟ ಹಣವನ್ನು ಅಷ್ಟರೊಳಗೆ ಖರ್ಚು ಮಾಡಿ ಲೆಕ್ಕ ತೋರಿಸಬೇಕೆಂಬ ಒತ್ತಡ ಕಚೇರಿಗಿರುತ್ತದೆ. ಪರೀಕ್ಷೆಗಳೂ ಇದೇ ಮೂರು ತಿಂಗಳಲ್ಲಿ ನಡೆಯುತ್ತವೆ. ಹಾಗಾಗಿ ಈ ಘರ್ಷಣೆಯನ್ನು ಯಾರದೋ ಅಜಾಗರೂಕತೆ ಎಂದು ಭಾವಿಸುವುದು ಸರಿಯಲ್ಲ. ಎರಡು ಕ್ಯಾಲೆಂಡರ್‌ಗಳು ಒಂದೇ ಕಡೆ ಬಂದು ಸೇರುವುದರಿಂದ ಹೀಗಾಗುತ್ತದೆ. ಇದನ್ನು ಅರಿತು ಬರೆದ ಪತ್ರದಲ್ಲಿ ದೂರಿನ ದನಿ ಇರುವುದಿಲ್ಲ, ಪರಿಹಾರದ ದಾರಿ ಇರುತ್ತದೆ.

ಲ್ಯಾಬ್ ಪರೀಕ್ಷೆಗೆ ಯಾವಾಗ ಬೇಕು

ಸಿಬಿಎಸ್‌ಇ ಪಠ್ಯಕ್ರಮದ ಒಂದು ಶಾಲೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಹನ್ನೆರಡನೇ ತರಗತಿಯ ಕಂಪ್ಯೂಟರ್ ಸೈನ್ಸ್ ವಿಷಯಕ್ಕೆ 100 ಅಂಕಗಳು. ಅದರಲ್ಲಿ 70 ಲಿಖಿತ ಪರೀಕ್ಷೆಗೆ, 30 ಪ್ರಾಯೋಗಿಕ ಪರೀಕ್ಷೆಗೆ. ಈ 30 ಅಂಕಗಳ ಹಂಚಿಕೆ ಹೀಗಿದೆ: ಲ್ಯಾಬ್‌ನಲ್ಲಿ ಕುಳಿತು ಬರೆಯುವ ಪೈಥಾನ್ ಪ್ರೋಗ್ರಾಮ್‌ಗೆ 8, ಎಸ್‌ಕ್ಯೂಎಲ್ ಪ್ರಶ್ನೆಗಳಿಗೆ 4, ವರ್ಷವಿಡೀ ಬರೆದ ರಿಪೋರ್ಟ್ ಫೈಲ್‌ಗೆ 7, ಪ್ರಾಜೆಕ್ಟ್‌ಗೆ 8, ಮೌಖಿಕ ಪ್ರಶ್ನೆಗಳಿಗೆ 3. ಮೊದಲ ಹನ್ನೆರಡು ಅಂಕಗಳಿಗೆ ಆ ದಿನ ಲ್ಯಾಬ್‌ನ ಯಂತ್ರ ಸರಿಯಾಗಿ ಓಡಲೇಬೇಕು. ಪ್ರಾಜೆಕ್ಟ್‌ನ ಎಂಟು ಅಂಕಗಳಿಗೂ ವಿದ್ಯಾರ್ಥಿಯ ಕಡತಗಳು ಯಂತ್ರದಲ್ಲಿ ಉಳಿದಿರಬೇಕು.

ಹನ್ನೆರಡನೇ ತರಗತಿಯ ಪ್ರಾಯೋಗಿಕ ಪರೀಕ್ಷೆಗಳು ಸಾಮಾನ್ಯವಾಗಿ ಜನವರಿ 1ರಿಂದ ಫೆಬ್ರವರಿ 14ರ ನಡುವೆ ನಡೆಯುತ್ತವೆ. ಬಾಹ್ಯ ಪರೀಕ್ಷಕರನ್ನು ಮಂಡಳಿಯೇ ನೇಮಿಸುತ್ತದೆ. ಅವರೊಂದಿಗೆ ಮಾತನಾಡಿ ಶಾಲೆ ದಿನಾಂಕವನ್ನು ಗೊತ್ತುಮಾಡಿಕೊಳ್ಳುತ್ತದೆ. ಆ ಪರೀಕ್ಷಕರು ಬೇರೆ ಶಾಲೆಯೊಂದರ ಶಿಕ್ಷಕರೇ ಆಗಿರುತ್ತಾರೆ. ಅವರಿಗೂ ತಮ್ಮ ಶಾಲೆಯ ಪರೀಕ್ಷೆಗಳಿರುತ್ತವೆ, ಕೆಲವೊಮ್ಮೆ ಬೇರೆ ಶಾಲೆಗಳಿಗೂ ಹೋಗಬೇಕಿರುತ್ತದೆ. ಆದ್ದರಿಂದ ಒಮ್ಮೆ ನಿಗದಿಯಾದ ದಿನವನ್ನು ಲ್ಯಾಬ್ ಸಿದ್ಧವಾಗಿಲ್ಲ ಎಂಬ ಕಾರಣಕ್ಕೆ ಮುಂದೂಡುವುದು ಸುಲಭವಲ್ಲ. ನವೀಕರಣದ ದಿನವನ್ನಾದರೆ ಶಾಲೆ ತಾನೇ ಬದಲಿಸಿಕೊಳ್ಳಬಹುದು. ಎರಡರಲ್ಲಿ ಯಾವುದನ್ನು ಸರಿಸಬೇಕು ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ನಮ್ಮ ಉದಾಹರಣೆಯ ಲ್ಯಾಬ್‌ನಲ್ಲಿ 20 ಕಂಪ್ಯೂಟರ್‌ಗಳಿವೆ ಎಂದುಕೊಳ್ಳೋಣ. ಹನ್ನೆರಡನೇ ತರಗತಿಯಲ್ಲಿ 48 ವಿದ್ಯಾರ್ಥಿಗಳು. ಹದಿನಾರು ಮಂದಿಯ ಮೂರು ಬ್ಯಾಚ್‌ಗಳಾಗಿ ಜನವರಿ 20 ಮತ್ತು 21ರಂದು ಪರೀಕ್ಷೆ. ಪ್ರತಿ ಬ್ಯಾಚ್‌ಗೆ 16 ಯಂತ್ರಗಳು ಬೇಕು, ಜೊತೆಗೆ ಕೈಕೊಟ್ಟರೆ ಇರಲಿ ಎಂದು ಎರಡು. ಅಂದರೆ 18 ಯಂತ್ರಗಳು ಸುಸ್ಥಿತಿಯಲ್ಲಿರಬೇಕು. ಅರ್ಧ ಲ್ಯಾಬ್ ಈಗ, ಉಳಿದರ್ಧ ಆಮೇಲೆ ಎಂಬ ರಾಜಿ ಸೂತ್ರ ಇಲ್ಲಿ ನಡೆಯುವುದಿಲ್ಲ. ಹತ್ತು ಯಂತ್ರ ಬಿಚ್ಚಿಟ್ಟರೆ ಒಂದು ಬ್ಯಾಚ್ ಕೂಡ ಕೂರಲಾರದು.

ಕಚೇರಿಯ ಸುತ್ತೋಲೆಯ ಪ್ರಕಾರ ನವೀಕರಣ ಜನವರಿ 11ರಿಂದ 16ರವರೆಗೆ ನಡೆಯಲಿದೆ. ಕಾಗದದ ಮೇಲೆ ಇದರಲ್ಲಿ ದೋಷ ಕಾಣುವುದಿಲ್ಲ. ಕೆಲಸ 16ಕ್ಕೆ ಮುಗಿಯುತ್ತದೆ, ಪರೀಕ್ಷೆ 20ಕ್ಕೆ. ನಡುವೆ ಮೂರು ದಿನ ಬಿಡುವು. ಆದರೆ ಆ ಆರು ದಿನಗಳೊಳಗೆ ಸಂಕ್ರಾಂತಿಯ ರಜೆ ಬರುತ್ತದೆ, ಒಂದು ದಿನ ಅಲ್ಲೇ ಹೋಗುತ್ತದೆ. ಇನ್ನುಳಿದ ತೊಂದರೆ ನವೀಕರಣದ ಕೆಲಸದ ಒಳಗೇ ಇದೆ.

ತಂತ್ರಜ್ಞರು ಹೋದ ಮೇಲಿನ ಕೆಲಸ

ಒಂದು ಯಂತ್ರದ ಲೆಕ್ಕ ಹಾಕಿದರೆ ಇದು ತಿಳಿಯುತ್ತದೆ. ಕಡತಗಳ ಪ್ರತಿ ತೆಗೆಯಲು ಸುಮಾರು ಅರ್ಧ ಗಂಟೆ, ವಿಂಡೋಸ್ 11 ಸ್ಥಾಪಿಸಲು ಒಂದರಿಂದ ಒಂದೂವರೆ ಗಂಟೆ, ಪಾಠಕ್ಕೆ ಬೇಕಾದ ತಂತ್ರಾಂಶ ಹಾಕಿ ಹೊಂದಿಸಲು ಮುಕ್ಕಾಲು ಗಂಟೆ, ಕೊನೆಯ ಪರಿಶೀಲನೆಗೆ ಇಪ್ಪತ್ತು ನಿಮಿಷ. ಒಟ್ಟು ಸುಮಾರು ಮೂರು ಗಂಟೆ. ಇಪ್ಪತ್ತು ಯಂತ್ರಗಳಿಗೆ ಅರವತ್ತು ಗಂಟೆ. ನಾಲ್ಕು ಯಂತ್ರಗಳನ್ನು ಒಟ್ಟಿಗೆ ಕೂರಿಸಿದರೆ ಹದಿನೈದು ಗಂಟೆ, ಅಂದರೆ ಎಲ್ಲವೂ ಸುಸೂತ್ರವಾಗಿ ನಡೆದರೆ ಎರಡೂವರೆ ಶಾಲಾ ದಿನ.

ಸುಸೂತ್ರವಾಗಿ ನಡೆಯದಿರಲು ಮೊದಲ ಕಾರಣ ಇಂಟರ್‌ನೆಟ್. ವಿಂಡೋಸ್ 11ರ ಸ್ಥಾಪನಾ ಕಡತ ಐದು ಜಿಬಿಗಿಂತ ದೊಡ್ಡದು. ಇಪ್ಪತ್ತು ಯಂತ್ರಗಳೂ ಅದನ್ನು ಬೇರೆ ಬೇರೆಯಾಗಿ ಇಳಿಸಿಕೊಂಡರೆ ಒಟ್ಟು ನೂರು ಜಿಬಿ ದಾಟುತ್ತದೆ. ಸೆಕೆಂಡಿಗೆ 50 ಮೆಗಾಬಿಟ್ ವೇಗದ ಸಂಪರ್ಕವಿದ್ದು ಅದು ಪೂರ್ತಿ ವೇಗದಲ್ಲಿ ಓಡಿದರೂ ನಾಲ್ಕೂವರೆಯಿಂದ ಐದು ಗಂಟೆ ಬೇಕು. ಆ ಹೊತ್ತಿನಲ್ಲಿ ಕಚೇರಿಯ ಆನ್‌ಲೈನ್ ಕೆಲಸಗಳೂ ನಿಂತಂತೆ ಆಗುತ್ತವೆ. ಇದಕ್ಕೆ ಪರಿಹಾರ ಸುಲಭವಾಗಿದೆ: ಒಮ್ಮೆ ಇಳಿಸಿಕೊಂಡು ಕನಿಷ್ಠ 8 ಜಿಬಿಯ ಪೆನ್‌ಡ್ರೈವ್‌ಗಳಿಗೆ ಹಾಕಿ, ಅವುಗಳಿಂದ ಎಲ್ಲ ಯಂತ್ರಗಳಿಗೂ ಸ್ಥಾಪಿಸುವುದು. ಪೂರೈಕೆದಾರರಿಗೆ ಇದನ್ನು ಮೊದಲೇ ಹೇಳಿರಬೇಕು.

ಎರಡನೆಯ ಕಾರಣ ಕಡತಗಳದು. ಹಳೆಯ ವಿಂಡೋಸ್‌ನ ಮೇಲೆಯೇ ಹೊಸದನ್ನು ಹಾಕುವ ವಿಧಾನದಲ್ಲಿ ಕಡತಗಳು ಉಳಿಯುತ್ತವೆ. ಡಿಸ್ಕ್ ಅಳಿಸಿ ಹೊಸದಾಗಿ ಸ್ಥಾಪಿಸಿದರೆ ಎಲ್ಲವೂ ಹೋಗುತ್ತದೆ. ಡೆಸ್ಕ್‌ಟಾಪ್‌ನಲ್ಲಿ ಕಾಣುವ ಫೋಲ್ಡರ್‌ಗಳನ್ನು ತಂತ್ರಜ್ಞರು ನಕಲು ಮಾಡಿಕೊಡುತ್ತಾರೆ. ಆದರೆ ವಿದ್ಯಾರ್ಥಿಗಳು ಮೈಎಸ್‌ಕ್ಯೂಎಲ್‌ನಲ್ಲಿ ರಚಿಸಿದ ಕೋಷ್ಟಕಗಳು ಅಲ್ಲಿ ಇರುವುದಿಲ್ಲ. ಅವು ಸಾಮಾನ್ಯವಾಗಿ ಕಣ್ಣಿಗೆ ಕಾಣದಂತೆ ಅಡಗಿಸಿಟ್ಟ `C:\ProgramData` ಎಂಬ ಫೋಲ್ಡರ್‌ನ ಒಳಗಿರುತ್ತವೆ. ಯಾರೂ ನೆನಪಿಸದಿದ್ದರೆ ಅವು ಅಳಿಸಿಹೋಗುತ್ತವೆ, ಅಳಿಸಿಹೋದದ್ದು ಪ್ರಾಜೆಕ್ಟ್ ತೋರಿಸುವ ದಿನವೇ ಗೊತ್ತಾಗುತ್ತದೆ. ಇದನ್ನು ತಪ್ಪಿಸಲು ಪ್ರತಿ ಯಂತ್ರದಲ್ಲೂ ಕಮಾಂಡ್ ಪ್ರಾಂಪ್ಟ್ ತೆರೆದು ಒಂದು ಸಾಲಿನ ಆದೇಶ ಕೊಟ್ಟರೆ ಸಾಕು:

```
mysqldump -u root -p --all-databases --result-file=backup.sql
```

ಇದರಿಂದ ಎಲ್ಲ ದತ್ತಾಂಶವೂ `backup.sql` ಎಂಬ ಒಂದೇ ಕಡತಕ್ಕೆ ಬರುತ್ತದೆ. ಅದನ್ನು ಯಂತ್ರದ ಸಂಖ್ಯೆಯ ಹೆಸರಿನಲ್ಲಿ ಬೇರೆ ಡಿಸ್ಕ್‌ಗೆ ಹಾಕಿಡಬೇಕು. ಅದೇ ಯಂತ್ರದ ಇನ್ನೊಂದು ಮೂಲೆಯಲ್ಲಿಟ್ಟರೆ ಪ್ರಯೋಜನವಿಲ್ಲ.

ಮೂರನೆಯ ಕಾರಣ, ಎಲ್ಲಕ್ಕಿಂತ ಹೆಚ್ಚು ಸಮಯ ತಿನ್ನುವಂಥದ್ದು, ಪಾಠಕ್ಕೆ ಬೇಕಾದ ತಂತ್ರಾಂಶಗಳದು. ಯಂತ್ರ ಆನ್ ಆಗಿ ಹೊಸ ವಿಂಡೋಸ್ ಕಾಣಿಸಿದರೆ ಪೂರೈಕೆದಾರರ ಮಟ್ಟಿಗೆ ಕೆಲಸ ಮುಗಿಯಿತು. ಪರೀಕ್ಷೆಗೆ ಬೇಕಾದದ್ದು ಪೈಥಾನ್, ಮೈಎಸ್‌ಕ್ಯೂಎಲ್, ಅವೆರಡನ್ನು ಜೋಡಿಸುವ ಕನೆಕ್ಟರ್, ಈ ಮೂರೂ ಒಟ್ಟಿಗೆ ಓಡುವ ಯಂತ್ರ. ಈ ಜೋಡಣೆ ಸರಿಯಿದೆಯೇ ಎಂದು ತಿಳಿಯಲು ಪುಟ್ಟದೊಂದು ಪ್ರೋಗ್ರಾಮ್ ಬರೆದು ಪ್ರತಿ ಯಂತ್ರದಲ್ಲೂ ಓಡಿಸಬೇಕು:

```python
import mysql.connector
db = mysql.connector.connect(
    host="localhost", user="root",
    password="****", database="school")
cur = db.cursor()
cur.execute("SELECT COUNT(*) FROM student")
print(cur.fetchone())
db.close()
```

ನಕ್ಷತ್ರ ಚಿಹ್ನೆಗಳ ಜಾಗದಲ್ಲಿ ಲ್ಯಾಬ್‌ನ ಪಾಸ್‌ವರ್ಡ್ ಬರಬೇಕು. ಡೇಟಾಬೇಸ್ ಮತ್ತು ಕೋಷ್ಟಕದ ಹೆಸರುಗಳು ಅಲ್ಲಿ ನಿಜವಾಗಿ ಇರುವಂಥವಾಗಿರಬೇಕು. ಒಂದು ಸಂಖ್ಯೆ ತೆರೆಯ ಮೇಲೆ ಮೂಡಿದರೆ ಯಂತ್ರ ಸಿದ್ಧ. `No module named 'mysql'` ಎಂದು ಬಂದರೆ ಹೊಸ ಪೈಥಾನ್‌ಗೆ ಕನೆಕ್ಟರ್ ಹಾಕಿಲ್ಲ ಎಂದು ಅರ್ಥ. ಹಳೆಯ ಪೈಥಾನ್‌ನಲ್ಲಿದ್ದ ಕನೆಕ್ಟರ್ ಹೊಸ ಆವೃತ್ತಿಗೆ ತಾನಾಗಿ ಬರುವುದಿಲ್ಲ. `ERROR 1045` ಅಥವಾ `Access denied` ಎಂದು ಬಂದರೆ ಪಾಸ್‌ವರ್ಡ್ ಹೊಂದುತ್ತಿಲ್ಲ. ಸ್ಥಾಪಿಸುವಾಗ ತಂತ್ರಜ್ಞರು ಯಂತ್ರಕ್ಕೊಂದು ಪಾಸ್‌ವರ್ಡ್ ಕೊಟ್ಟು ಬರೆದಿಡದೆ ಹೋದಾಗ ಹೀಗಾಗುತ್ತದೆ. ಒಂದು ಯಂತ್ರದಲ್ಲಿ ಇದನ್ನು ಸರಿಪಡಿಸುವುದು ಹತ್ತು ನಿಮಿಷದ ಕೆಲಸ, ಕಾರಣ ಗೊತ್ತಿದ್ದರೆ. ಹದಿನಾರು ವಿದ್ಯಾರ್ಥಿಗಳು ಕುಳಿತು, ಪರೀಕ್ಷಕರು ನಿಂತು ನೋಡುತ್ತಿರುವಾಗ ಆ ಹತ್ತು ನಿಮಿಷ ಯಾರ ಬಳಿಯೂ ಇರುವುದಿಲ್ಲ.

ಕರ್ನಾಟಕದ ಶಾಲೆಗಳಲ್ಲಿ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ಲ್ಯಾಬ್‌ನ ಯಂತ್ರಗಳಲ್ಲೇ ಕನ್ನಡದ ಪ್ರಶ್ನೆಪತ್ರಿಕೆಗಳನ್ನು ಟೈಪ್ ಮಾಡುವ ರೂಢಿ ಹಲವು ಕಡೆ ಇದೆ. ನುಡಿ ಅಥವಾ ಬರಹದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಟೈಪ್ ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರ, ಚಿಹ್ನೆಗಳ ಗೋಜಲು ಕಾಣುತ್ತದೆ. ಕಡತ ಕೆಟ್ಟಿರುವುದಿಲ್ಲ, ಫಾಂಟ್ ಮತ್ತೆ ಹಾಕಿದರೆ ಸರಿಯಾಗುತ್ತದೆ. ಆದರೆ ವಾರ್ಷಿಕ ಪರೀಕ್ಷೆಯ ಪತ್ರಿಕೆ ಮುದ್ರಿಸಬೇಕಾದ ಹೊತ್ತಿನಲ್ಲಿ ಇದು ಎದುರಾದರೆ ಗಾಬರಿ ಖಂಡಿತ. ಹಾಗಾಗಿ ಲ್ಯಾಬ್ ನವೀಕರಣದ ಪರಿಣಾಮ ಕಂಪ್ಯೂಟರ್ ವಿಷಯಕ್ಕೆ ಮಾತ್ರ ಸೀಮಿತವಲ್ಲ ಎಂಬ ಮಾತೂ ಪತ್ರದಲ್ಲಿ ಬರಬೇಕು.

ಹತ್ತು ದಿನಗಳ ಗಡುವು

ಹಳೆಯದರ ಮೇಲೆ ಹೊಸ ವಿಂಡೋಸ್ ಹಾಕಿದಾಗ, ಇಷ್ಟವಾಗದಿದ್ದರೆ ಹಿಂದಿನದಕ್ಕೆ ಮರಳುವ ಅವಕಾಶ ಸಾಮಾನ್ಯವಾಗಿ ಹತ್ತು ದಿನಗಳವರೆಗೆ ಮಾತ್ರ ಇರುತ್ತದೆ. ಆಮೇಲೆ ಹಳೆಯ ವಿಂಡೋಸ್‌ನ ಕಡತಗಳನ್ನು ಯಂತ್ರವೇ ಅಳಿಸುತ್ತದೆ. ಡಿಸ್ಕ್ ಅಳಿಸಿ ಹೊಸದಾಗಿ ಸ್ಥಾಪಿಸಿದ್ದರೆ ಈ ಅವಕಾಶವೂ ಇಲ್ಲ.

ದಿನಾಂಕ ಗೊತ್ತುಮಾಡುವಾಗ ಇದನ್ನೇ ಅಳತೆಯಾಗಿ ಇಟ್ಟುಕೊಳ್ಳಬಹುದು. ನವೀಕರಣ ಮುಗಿದು ಹತ್ತು ದಿನಗಳೊಳಗೆ, ಅಂದರೆ ಮರಳುವ ಬಾಗಿಲು ಇನ್ನೂ ತೆರೆದಿರುವಾಗಲೇ, ಒಂದು ಪೂರ್ಣ ಬ್ಯಾಚ್‌ನ ವಿದ್ಯಾರ್ಥಿಗಳನ್ನು ಕೂರಿಸಿ ನಿಜವಾದ ಪರೀಕ್ಷೆಯಂತೆಯೇ ಪ್ರೋಗ್ರಾಮ್ ಬರೆಸಿ, ಮುದ್ರಣ ತೆಗೆಸಿ ನೋಡಬೇಕು. ಒಬ್ಬ ಶಿಕ್ಷಕರು ಒಂದೊಂದೇ ಯಂತ್ರ ಪರೀಕ್ಷಿಸಿದಾಗ ಕಾಣದ ತೊಂದರೆಗಳು ಹದಿನಾರು ಮಂದಿ ಒಟ್ಟಿಗೆ ಕೆಲಸ ಮಾಡುವಾಗ ಕಾಣುತ್ತವೆ: ಒಂದೇ ಪ್ರಿಂಟರ್‌ಗೆ ಎಲ್ಲರೂ ಕಳಿಸಿದಾಗ ಅದು ಸ್ಪಂದಿಸದಿರುವುದು, ವಿದ್ಯಾರ್ಥಿಯ ಖಾತೆಯಿಂದ ಪ್ರವೇಶಿಸಿದಾಗ ಪೈಥಾನ್ ಸಿಗದಿರುವುದು. ಆ ತೊಂದರೆಗಳನ್ನು ಸರಿಪಡಿಸಲು ಮತ್ತೆ ಒಂದು ವಾರ ಇಟ್ಟುಕೊಳ್ಳಬೇಕು. ಹೀಗೆ ಲೆಕ್ಕ ಹಾಕಿದರೆ ನವೀಕರಣ ಮುಗಿಯುವ ದಿನಕ್ಕೂ ಪ್ರಾಯೋಗಿಕ ಪರೀಕ್ಷೆಗೂ ನಡುವೆ ಎರಡೂವರೆ ವಾರಗಳ ಅಂತರ ಬೇಕು. ಸುತ್ತೋಲೆಯಲ್ಲಿ ಇರುವುದು ಮೂರು ದಿನ.

ಅಲ್ಲಿಯವರೆಗೆ ವಿಂಡೋಸ್ 10ರಲ್ಲೇ ಮುಂದುವರಿದರೆ ಭದ್ರತೆಯ ಗತಿಯೇನು ಎಂಬ ಪ್ರಶ್ನೆಯನ್ನು ಪ್ರಾಂಶುಪಾಲರು ಖಂಡಿತ ಕೇಳುತ್ತಾರೆ, ಕೇಳಲೂಬೇಕು. ಹಣ ಕೊಟ್ಟು ಪಡೆಯುವ ವಿಸ್ತರಿತ ಭದ್ರತಾ ಅಪ್‌ಡೇಟ್ ಯೋಜನೆಯನ್ನು ಮೈಕ್ರೋಸಾಫ್ಟ್ ಇಟ್ಟಿದೆ. ಶಿಕ್ಷಣ ಸಂಸ್ಥೆಗಳಿಗೆ ಮೊದಲ ವರ್ಷ ಯಂತ್ರವೊಂದಕ್ಕೆ 1 ಡಾಲರ್ ಎಂದು ಅದು ಪ್ರಕಟಿಸಿತ್ತು. ಎರಡನೆಯ, ಮೂರನೆಯ ವರ್ಷಗಳಿಗೆ ದರ ಏರುತ್ತದೆ, ಮೂರು ವರ್ಷಕ್ಕೆ ಯೋಜನೆ ಮುಗಿಯುತ್ತದೆ. ಅದನ್ನು ಪಡೆಯದಿದ್ದರೂ, ಪ್ರಾಯೋಗಿಕ ಪರೀಕ್ಷೆಗೆ ಇಂಟರ್‌ನೆಟ್ ಬೇಕಿಲ್ಲ. ಪೈಥಾನ್, ಮೈಎಸ್‌ಕ್ಯೂಎಲ್ ಎರಡೂ ಯಂತ್ರದೊಳಗೇ ಓಡುತ್ತವೆ. ಪರೀಕ್ಷೆಯ ವಾರಗಳಲ್ಲಿ ಲ್ಯಾಬ್‌ನ ಸಂಪರ್ಕವನ್ನು ತೆಗೆದಿಟ್ಟರೆ ಅಪಾಯ ಬಹುಮಟ್ಟಿಗೆ ತಗ್ಗುತ್ತದೆ. ಪೆನ್‌ಡ್ರೈವ್‌ಗಳಿಂದ ಬರುವ ವೈರಸ್‌ನ ಭಯ ಮಾತ್ರ ಉಳಿಯುತ್ತದೆ, ಅವುಗಳನ್ನು ಆ ದಿನಗಳಲ್ಲಿ ನಿಷೇಧಿಸಬಹುದು.

ಪತ್ರ ಹೇಗಿರಬೇಕು

ಇಷ್ಟೆಲ್ಲ ವಿವರಗಳನ್ನು ಪತ್ರದಲ್ಲಿ ತುಂಬಬೇಕಾಗಿಲ್ಲ. ಪ್ರಾಂಶುಪಾಲರು ನಿರ್ಧಾರ ಮಾಡಲು ಎಷ್ಟು ಬೇಕೋ ಅಷ್ಟು ಪತ್ರದಲ್ಲಿ, ಉಳಿದದ್ದು ಲಗತ್ತಿನಲ್ಲಿ. ನಮ್ಮ ಉದಾಹರಣೆಯ ಶಿಕ್ಷಕರ ಪತ್ರ ಹೀಗಿರಬಹುದು:

ದಿನಾಂಕ: ಡಿಸೆಂಬರ್ 7

ಇವರಿಂದ: ಕಂಪ್ಯೂಟರ್ ಸೈನ್ಸ್ ಶಿಕ್ಷಕರು ಮತ್ತು ಲ್ಯಾಬ್ ಉಸ್ತುವಾರಿ

ಇವರಿಗೆ: ಮಾನ್ಯ ಪ್ರಾಂಶುಪಾಲರು

ವಿಷಯ: ಕಂಪ್ಯೂಟರ್ ಲ್ಯಾಬ್ ನವೀಕರಣದ ದಿನಾಂಕವನ್ನು ಪ್ರಾಯೋಗಿಕ ಪರೀಕ್ಷೆಗಳ ನಂತರಕ್ಕೆ ಬದಲಿಸುವಂತೆ ಕೋರಿಕೆ.

ಉಲ್ಲೇಖ: ಡಿಸೆಂಬರ್ 3ರ ಕಚೇರಿ ಸುತ್ತೋಲೆ.

ಮಾನ್ಯರೇ,

ಮೇಲ್ಕಂಡ ಸುತ್ತೋಲೆಯಂತೆ ಲ್ಯಾಬ್‌ನ ನವೀಕರಣ ಜನವರಿ 11ರಿಂದ 16ರವರೆಗೆ ನಡೆಯಲಿದೆ. ಲ್ಯಾಬ್‌ಗೆ ಇದು ಅಗತ್ಯವಾಗಿ ಬೇಕಾಗಿತ್ತು, ಇದಕ್ಕೆ ಒಪ್ಪಿಗೆ ನೀಡಿದ್ದಕ್ಕಾಗಿ ತಮಗೆ ಕೃತಜ್ಞತೆಗಳು. ದಿನಾಂಕದ ಬಗ್ಗೆ ಮಾತ್ರ ಈ ಕೆಳಗಿನ ಅಂಶಗಳನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ.

ಹನ್ನೆರಡನೇ ತರಗತಿಯ 48 ವಿದ್ಯಾರ್ಥಿಗಳ ಪ್ರಾಯೋಗಿಕ ಪರೀಕ್ಷೆ ಬಾಹ್ಯ ಪರೀಕ್ಷಕರೊಂದಿಗೆ ಜನವರಿ 20 ಮತ್ತು 21ಕ್ಕೆ ನಿಗದಿಯಾಗಿದೆ. ಪ್ರತಿ ಬ್ಯಾಚ್‌ಗೆ 18 ಯಂತ್ರಗಳು ಸುಸ್ಥಿತಿಯಲ್ಲಿರಬೇಕು. ಹನ್ನೊಂದನೇ ತರಗತಿಯ ಪ್ರಾಯೋಗಿಕ ಪರೀಕ್ಷೆ ಫೆಬ್ರವರಿ 8ರಿಂದ 12ರವರೆಗೆ ಇದೆ. ವಿಂಡೋಸ್ ಬದಲಾದ ಮೇಲೆ ಪ್ರತಿ ಯಂತ್ರದಲ್ಲೂ ಪೈಥಾನ್ ಮತ್ತು ಮೈಎಸ್‌ಕ್ಯೂಎಲ್ ಜೋಡಣೆಯನ್ನು ಹೊಸದಾಗಿ ಪರಿಶೀಲಿಸಬೇಕು, ವಿದ್ಯಾರ್ಥಿಗಳಿಂದ ಒಂದು ಪೂರ್ವಾಭ್ಯಾಸ ಮಾಡಿಸಬೇಕು, ಕಂಡ ದೋಷಗಳನ್ನು ತಿದ್ದಬೇಕು. ಇದಕ್ಕೆ ಕನಿಷ್ಠ ಎರಡೂವರೆ ವಾರ ಬೇಕು. ಈಗಿನ ವೇಳಾಪಟ್ಟಿಯಲ್ಲಿ ಮೂರು ದಿನಗಳಷ್ಟೇ ಸಿಗುತ್ತವೆ.

ಆದ್ದರಿಂದ ಯಂತ್ರಗಳ ಖರೀದಿ, ಪೂರೈಕೆ ಮತ್ತು ಬಿಲ್ಲಿನ ಕೆಲಸವನ್ನು ಮಾರ್ಚ್ 31ರೊಳಗೆ ಮುಗಿಸಿ, ಸ್ಥಾಪನೆಯನ್ನು ಏಪ್ರಿಲ್ 5ರಿಂದ 10ರವರೆಗೆ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಅದು ಸಾಧ್ಯವಾಗದಿದ್ದರೆ, ಹೊಸ ವಿಂಡೋಸ್‌ಗೆ ಹೊಂದುವ 12 ಯಂತ್ರಗಳ ಕೆಲಸವನ್ನು ಮಾತ್ರ ಕ್ರಿಸ್‌ಮಸ್ ರಜೆಯಲ್ಲಿ, ಡಿಸೆಂಬರ್ 26ರಿಂದ 30ರೊಳಗೆ ಮುಗಿಸಬಹುದು. ಉಳಿದ 8 ಯಂತ್ರಗಳನ್ನು ಏಪ್ರಿಲ್‌ನಲ್ಲಿ ಬದಲಿಸಬಹುದು.

ಎರಡರಲ್ಲಿ ಯಾವುದನ್ನು ಒಪ್ಪಿದರೂ ಕಡತಗಳ ಪ್ರತಿ ತೆಗೆದಿಡುವ, ಸ್ಥಾಪನೆಯ ದಿನಗಳಲ್ಲಿ ಹಾಜರಿರುವ, ಯಂತ್ರವಾರು ಪರಿಶೀಲನಾ ವರದಿ ಕೊಡುವ ಹೊಣೆಯನ್ನು ನಾನು ವಹಿಸಿಕೊಳ್ಳುತ್ತೇನೆ. ಪೂರೈಕೆದಾರರಿಗೆ ತಿಳಿಸಲು ಅನುಕೂಲವಾಗುವಂತೆ ಡಿಸೆಂಬರ್ 14ರೊಳಗೆ ತಮ್ಮ ನಿರ್ಧಾರ ತಿಳಿಸಬೇಕೆಂದು ವಿನಂತಿ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ
(ಸಹಿ)

ಲಗತ್ತು: 1. ಲ್ಯಾಬ್ ಬಳಕೆಯ ವೇಳಾಪಟ್ಟಿ 2. ಯಂತ್ರಗಳ ಪಟ್ಟಿ
ಪ್ರತಿ: ಪರೀಕ್ಷಾ ವಿಭಾಗದ ಉಸ್ತುವಾರಿಗಳಿಗೆ

ಪತ್ರದ ಒಳಗಿನ ಲೆಕ್ಕ

ಈ ಪತ್ರ ನವೀಕರಣವನ್ನು ವಿರೋಧಿಸುವುದಿಲ್ಲ. ವಿಷಯದ ಸಾಲಿನಲ್ಲೇ ಕೋರಿಕೆ ದಿನಾಂಕದ ಬಗ್ಗೆ ಎಂದು ತಿಳಿಯುತ್ತದೆ. "ಪರೀಕ್ಷೆಗೆ ತೊಂದರೆಯಾಗುತ್ತದೆ" ಎಂದಷ್ಟೇ ಬರೆದಿದ್ದರೆ "16ಕ್ಕೇ ಮುಗಿಯುತ್ತದಲ್ಲ" ಎಂಬ ಉತ್ತರ ಸಿಗುತ್ತಿತ್ತು. ಮೂರು ದಿನ ಮತ್ತು ಎರಡೂವರೆ ವಾರ ಎಂಬ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟಿರುವುದರಿಂದ ಆ ಉತ್ತರಕ್ಕೆ ಜಾಗವಿಲ್ಲ.

ಹಣದ ವಿಷಯವನ್ನು ಸ್ಥಾಪನೆಯ ವಿಷಯದಿಂದ ಬೇರ್ಪಡಿಸಿರುವುದು ಪತ್ರದ ಬಲವಾದ ಅಂಶ. ಮಾರ್ಚ್‌ನಲ್ಲಿ ಯಂತ್ರಗಳು ಬಂದು, ದಾಸ್ತಾನು ಪುಸ್ತಕಕ್ಕೆ ಏರಿ, ಬಿಲ್ ಸಂದಾಯವಾದರೆ ಆರ್ಥಿಕ ವರ್ಷದ ಕಟ್ಟುಪಾಡು ಪಾಲಿಸಿದಂತಾಗುತ್ತದೆ. ಪೆಟ್ಟಿಗೆ ಬಿಚ್ಚುವುದು ಏಪ್ರಿಲ್‌ಗಾದರೂ ಲೆಕ್ಕಕ್ಕೆ ಬಾಧೆಯಿಲ್ಲ. ಆದರೆ ಇಲ್ಲಿ ಎರಡು ಎಚ್ಚರಗಳು ಬೇಕು. ವಾರಂಟಿ ಬಿಲ್ಲಿನ ದಿನದಿಂದ ಶುರುವಾಗುತ್ತದೆಯೋ ಸ್ಥಾಪನೆಯ ದಿನದಿಂದಲೋ ಎಂಬುದನ್ನು ಖರೀದಿ ಆದೇಶದಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು. ಸ್ಥಾಪನೆಗೆ ಮೊದಲೇ ಪೂರ್ತಿ ಹಣ ಕೊಟ್ಟರೆ ಪೂರೈಕೆದಾರರನ್ನು ಏಪ್ರಿಲ್‌ನಲ್ಲಿ ಕರೆಸುವುದು ಕಷ್ಟವಾಗಬಹುದು. ಸ್ಥಾಪನೆಯ ದಿನಾಂಕವನ್ನೂ ಆದೇಶದಲ್ಲೇ ಬರೆಸಬೇಕು, ಶಾಲೆಯ ನಿಯಮ ಒಪ್ಪಿದರೆ ಒಂದು ಪಾಲು ಹಣವನ್ನು ಆ ಕೆಲಸ ಮುಗಿಯುವವರೆಗೆ ಉಳಿಸಿಕೊಳ್ಳಬೇಕು.

ಎರಡನೆಯ ದಾರಿಯಾಗಿ ಸೂಚಿಸಿದ ಕ್ರಿಸ್‌ಮಸ್ ರಜೆಯ ದಿನಗಳನ್ನೂ ಅಳೆದೇ ಇಡಲಾಗಿದೆ. ಕೆಲಸ ಡಿಸೆಂಬರ್ 30ಕ್ಕೆ ಮುಗಿದರೆ ಪರೀಕ್ಷೆಗೆ ಮೂರು ವಾರ ಸಿಗುತ್ತದೆ. ಜನವರಿ 4ರ ಸುಮಾರಿಗೆ ಪೂರ್ವಾಭ್ಯಾಸ ನಡೆಸಿದರೆ, ಮೊದಲ ದಿನ ಬದಲಿಸಿದ ಯಂತ್ರಕ್ಕೂ ಮರಳುವ ಹತ್ತು ದಿನಗಳ ಗಡುವು ಮೀರಿರುವುದಿಲ್ಲ. ಹೊಸ ಯಂತ್ರಗಳನ್ನು ಇದರಲ್ಲಿ ಸೇರಿಸದಿರುವುದಕ್ಕೂ ಕಾರಣವಿದೆ. ಡಿಸೆಂಬರ್ ಮಧ್ಯದಲ್ಲಿ ಆದೇಶ ಕೊಟ್ಟು ತಿಂಗಳ ಕೊನೆಗೆ ಪೂರೈಕೆ ನಿರೀಕ್ಷಿಸುವುದು ಅಪಾಯದ ಲೆಕ್ಕ. ಹಾಗಿದ್ದರೂ ಈ ದಾರಿಯಲ್ಲಿ ಪರೀಕ್ಷೆಯ ದಿನ ಲ್ಯಾಬ್‌ನಲ್ಲಿ ಎರಡು ಬಗೆಯ ವಿಂಡೋಸ್ ಇರುತ್ತವೆ, ಎರಡರಲ್ಲೂ ಪೈಥಾನ್‌ನ ಆವೃತ್ತಿ ಒಂದೇ ಇರುವಂತೆ ನೋಡಿಕೊಳ್ಳಬೇಕು. ಹಾಗಾಗಿಯೇ ಏಪ್ರಿಲ್ ಮೊದಲ ಆಯ್ಕೆ, ಡಿಸೆಂಬರ್ ಎರಡನೆಯದು.

ಪತ್ರ ಕೊಡುವ ಸಮಯವೂ ಮುಖ್ಯ. ಸುತ್ತೋಲೆ ಬಂದ ನಾಲ್ಕನೆಯ ದಿನಕ್ಕೆ ಈ ಪತ್ರ ಹೋಗಿದೆ. ಪೂರೈಕೆದಾರರು ತಂತ್ರಜ್ಞರನ್ನು ನಿಯೋಜಿಸಿದ ಮೇಲೆ, ಅಥವಾ ಖರೀದಿ ಆದೇಶದಲ್ಲಿ ಸ್ಥಾಪನೆಯ ಗಡುವು ನಮೂದಾದ ಮೇಲೆ ದಿನಾಂಕ ಬದಲಿಸಲು ಮತ್ತೊಂದು ಲಿಖಿತ ಒಪ್ಪಿಗೆ ಬೇಕಾಗುತ್ತದೆ. ಉತ್ತರಕ್ಕೆ ಒಂದು ದಿನಾಂಕ ಸೂಚಿಸಿರುವುದೂ ಇದೇ ಕಾರಣಕ್ಕೆ. ಪರೀಕ್ಷಾ ವಿಭಾಗಕ್ಕೆ ಪ್ರತಿ ಕಳಿಸಿದರೆ ಬೇರೆ ವಿಷಯಗಳ ಶಿಕ್ಷಕರ ಅಗತ್ಯಗಳೂ, ಪ್ರಶ್ನೆಪತ್ರಿಕೆ ಟೈಪಿಂಗ್ ಸೇರಿದಂತೆ, ಅದೇ ಚರ್ಚೆಯಲ್ಲಿ ಬರುತ್ತವೆ.

ಒಪ್ಪಿಗೆ ಸಿಕ್ಕ ಮೇಲೆ

ಪ್ರಾಂಶುಪಾಲರ ಒಪ್ಪಿಗೆ ಬಾಯಿಮಾತಿನಲ್ಲಿ ಉಳಿಯಬಾರದು. ಪರಿಷ್ಕೃತ ದಿನಾಂಕವನ್ನು ಕಚೇರಿಯಿಂದ ಪೂರೈಕೆದಾರರಿಗೆ ಬರಹದಲ್ಲಿ ತಿಳಿಸಬೇಕು. ಇಲ್ಲದಿದ್ದರೆ ಮೊದಲಿನ ಆದೇಶದಂತೆ ತಂತ್ರಜ್ಞರು ಜನವರಿ 11ಕ್ಕೆ ಬಾಗಿಲಿಗೆ ಬಂದು ನಿಲ್ಲುವ ಸಂಭವವಿದೆ.

ನವೀಕರಣ ಮುಂದಕ್ಕೆ ಹೋದರೂ ಪರೀಕ್ಷೆಯ ವಾರಗಳಲ್ಲಿ ಯಂತ್ರಗಳು ತಾವಾಗಿಯೇ ಬದಲಾಗದಂತೆ ತಡೆಯುವ ಕೆಲಸ ಉಳಿದಿರುತ್ತದೆ. ವಿಂಡೋಸ್‌ನ ಅಪ್‌ಡೇಟ್‌ಗಳು ಹೇಳದೆ ಕೇಳದೆ ಬಂದು ಯಂತ್ರವನ್ನು ಮರುಚಾಲನೆ ಮಾಡಿಸುವುದುಂಟು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ವಿಭಾಗದಲ್ಲಿ ಅಪ್‌ಡೇಟ್‌ಗಳನ್ನು ಐದು ವಾರಗಳವರೆಗೆ ತಡೆಹಿಡಿಯುವ ಆಯ್ಕೆ ಇದೆ. ಜನವರಿಯ ಮೊದಲ ವಾರದಲ್ಲಿ ಅಪ್‌ಡೇಟ್‌ಗಳನ್ನೆಲ್ಲ ಹಾಕಿ ಮುಗಿಸಿ, ಜನವರಿ 10ರ ಸುಮಾರಿಗೆ ತಡೆ ಹಾಕಿದರೆ ಹನ್ನೊಂದನೇ ತರಗತಿಯ ಪರೀಕ್ಷೆ ಮುಗಿಯುವವರೆಗೂ ಯಂತ್ರಗಳು ಹಾಗೇ ಇರುತ್ತವೆ. ಫೆಬ್ರವರಿ 12ರ ನಂತರ ತಡೆಯನ್ನು ತೆಗೆಯಲು ಮರೆಯಬಾರದು.

ಏಪ್ರಿಲ್‌ನಲ್ಲಿ ಸ್ಥಾಪನೆ ಮುಗಿದಾಗ ಶಿಕ್ಷಕರು ಕೊಡುವ ಪರಿಶೀಲನಾ ವರದಿಯಲ್ಲಿ ಪ್ರತಿ ಯಂತ್ರದ ಸಂಖ್ಯೆಯ ಎದುರು ನಾಲ್ಕು ಕಾಲಂ ಇದ್ದರೆ ಸಾಕು: ಪೈಥಾನ್-ಮೈಎಸ್‌ಕ್ಯೂಎಲ್ ಜೋಡಣೆ, ಮುದ್ರಣ, ಕನ್ನಡ ಟೈಪಿಂಗ್, ಹಳೆಯ ಕಡತಗಳ ಮರಳಿಕೆ. ನಾಲ್ಕೂ ಸರಿಯಿದ್ದ ಯಂತ್ರಗಳಿಗೆ ಮಾತ್ರ ಕೆಲಸ ಮುಗಿದಿದೆ ಎಂದು ಸಹಿ ಮಾಡಬೇಕು. ಉಳಿಸಿಕೊಂಡ ಹಣವನ್ನು ಬಿಡುಗಡೆ ಮಾಡಲು ಇದೇ ವರದಿ ಆಧಾರವಾಗುತ್ತದೆ.

ಇಂಥ ಪತ್ರವನ್ನು ಪ್ರತಿ ವರ್ಷ ಬರೆಯುವ ಅಗತ್ಯ ಬೀಳಬಾರದು. ಶೈಕ್ಷಣಿಕ ವರ್ಷದ ಆರಂಭದಲ್ಲಿ ಶಾಲೆಯ ವಾರ್ಷಿಕ ವೇಳಾಪಟ್ಟಿ ಸಿದ್ಧಪಡಿಸುವಾಗಲೇ, ಜನವರಿ ಮೊದಲ ದಿನದಿಂದ ಪ್ರಾಯೋಗಿಕ ಪರೀಕ್ಷೆಗಳು ಮುಗಿಯುವವರೆಗೆ ಲ್ಯಾಬ್‌ನಲ್ಲಿ ಯಾವ ಬದಲಾವಣೆಯನ್ನೂ ಮಾಡುವಂತಿಲ್ಲ ಎಂಬ ಒಂದು ಸಾಲನ್ನು ಪ್ರಾಂಶುಪಾಲರು ಅದರಲ್ಲಿ ಸೇರಿಸಬೇಕು, ಖರೀದಿ ವಿಭಾಗಕ್ಕೂ ಆ ಪಟ್ಟಿಯ ಒಂದು ಪ್ರತಿ ಕೊಡಬೇಕು.